‘ಮಳಿ ನಿಲ್ಲಲಿ, ನೋಡೋಣ’ ಅನ್ನುವ ಮಾಲಕರಿಗೆ ಏನು ಬರೆಯಬೇಕು?

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯಲ್ಲಿ ಮೊದಲನೇ ಮಹಡಿ ಬಾಡಿಗೆಗೆ ಹಿಡಿದಿದ್ದೇವೆ. ನಮ್ಮ ಮೇಲೆ ಬರೀ ಟೆರೇಸ್. ಜೂನ್ ಕೊನೆಯಿಂದ ಮಲಗುವ ಕೋಣೆಯ ಛತ್ತು ಸೋರುತ್ತಿದೆ. ಈಗ ಫ್ಯಾನಿನ ಬುಡದಿಂದಲೂ ಹನಿ ಬೀಳುತ್ತದೆ. ಮಾಲಕರು ಪುಣೆಯಲ್ಲಿದ್ದಾರೆ. ಫೋನ್ ಮಾಡಿದಾಗಲೆಲ್ಲ ‘ಮಳಿ ನಿಲ್ಲಲಿ, ನೋಡೋಣ’ ಅಂತಾರೆ. ಹೋದ ವರ್ಷವೂ ಹೀಗೇ ಅಂದರು, ಮಳೆ ನಿಂತ ಮೇಲೆ ಎಲ್ಲರೂ ಮರೆತೆವು. ಅವರ ಜೊತೆ ಜಗಳ ಬೇಡ, ಆದರೆ ರಿಪೇರಿ ಆಗಬೇಕು. ಹೇಗೆ ಬರೆಯಲಿ? ಎಂಥ ಫೋಟೋ ಕಳಿಸಲಿ?

ಉತ್ತರ:

ಪತ್ರ ಆಮೇಲೆ, ಮೊದಲು ಆ ಫ್ಯಾನ್ ನೋಡಿ ಮೇಡಂ. ಆ ಕೋಣೆಯ ಎಂಸಿಬಿ ಇವತ್ತೇ ಕೆಳಗೆ ಇಳಿಸಿ. ಯಾರೂ ಮರೆತು ಮೇಲೆತ್ತದ ಹಾಗೆ ಅದರ ಮೇಲೆ ಒಂದು ಟೇಪ್ ಅಂಟಿಸಿ. ಸ್ಲ್ಯಾಬ್ ಹಾಕುವಾಗಲೇ ವೈರಿನ ಪೈಪುಗಳನ್ನು ಕಾಂಕ್ರೀಟಿನ ಒಳಗೆ ಹೂತಿರುತ್ತಾರೆ. ಬಿರುಕಿನಿಂದ ಇಳಿದ ನೀರಿಗೆ ಆ ಪೈಪ್ ಸಿಕ್ಕರೆ ಅದರೊಳಗೇ ಹರಿದು ಫ್ಯಾನಿನ ಡಬ್ಬಿಯಲ್ಲಿ ಬಂದು ತೊಟ್ಟಿಕ್ಕುತ್ತದೆ. ಅಂದರೆ ವೈರು ಮತ್ತು ನೀರು ಒಂದೇ ಪೈಪಿನಲ್ಲಿವೆ. ಇನ್ನೊಂದು ಮಾತು. ಹನಿ ಫ್ಯಾನಿನ ಹತ್ತಿರ ಬೀಳುತ್ತದೆ ಅಂತ ಟೆರೇಸಿನಲ್ಲಿ ಅದರ ನೇರ ಮೇಲೇ ಬಿರುಕು ಇರಬೇಕೆಂದಿಲ್ಲ. ಎಂಟು-ಹತ್ತು ಅಡಿ ದೂರದ ಮೂಲೆಯಿಂದಲೂ ಬಂದಿರಬಹುದು. ಹಾಗಾಗಿ ‘ಫ್ಯಾನಿನ ಮೇಲೆ ಸಿಮೆಂಟ್ ಬಳಿಯಿರಿ’ ಅಂತ ಮಾತ್ರ ಬರೆಯಬೇಡಿ. ಬಳಿದು ಹೋಗುತ್ತಾರೆ, ಸೋರುವುದು ನಿಲ್ಲುವುದಿಲ್ಲ.

ಇನ್ನು ಮಾಲಕರ ಮಾತು. ‘ಮಳಿ ನಿಲ್ಲಲಿ’ ಅನ್ನುವುದು ಅರ್ಧ ನಿಜ, ಅದಕ್ಕೇ ಅದನ್ನು ಎದುರಿಸೋದು ಕಷ್ಟ. ಟೆರೇಸಿನ ಪಕ್ಕಾ ವಾಟರ್‌ಪ್ರೂಫಿಂಗ್ ಜುಲೈ ತಿಂಗಳ ಬೆಳಗಾವಿಯಲ್ಲಿ ಆಗುವ ಕೆಲಸ ಅಲ್ಲ. ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಲೇಪಗಳಿಗೆ ಒಣಗಿದ ಮೈ ಬೇಕು. ಹಸಿ ಸ್ಲ್ಯಾಬಿಗೆ ಬಳಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಮೇಲೆ ಗುಳ್ಳೆ ಏಳುತ್ತದೆ. ಸಿಮೆಂಟ್ ಬೆರೆತ ಕೆಲವು ಲೇಪಗಳಿಗೆ ಹಸಿ ಮೈ ನಡೆಯುತ್ತದೆ, ಆದರೆ ಅವಕ್ಕೂ ಬಳಿದ ಮೇಲೆ ಗಟ್ಟಿಯಾಗಲು ಮಳೆ ಇಲ್ಲದ ಹೊತ್ತು ಬೇಕು. ಇಲ್ಲಿಯ ಜಿಟಿಜಿಟಿ ಮಳೆ ಅಷ್ಟು ಹೊತ್ತು ಬಿಡುವು ಕೊಡುತ್ತದೆಯೇ? ನೀವು ಜುಲೈನಲ್ಲಿ ‘ಕೂಡಲೇ ವಾಟರ್‌ಪ್ರೂಫಿಂಗ್ ಮಾಡಿಸಿ’ ಅಂತ ಬರೆದರೆ, ಮಾಲಕರಿಗೆ ‘ಆಗುವುದಿಲ್ಲ’ ಅನ್ನಲು ನೀವೇ ಕಾರಣ ಕೊಟ್ಟಂತೆ. ಅದರ ಬದಲು ಎರಡು ಕೆಲಸ ಕೇಳಿ. ಒಂದು ಈಗ ಆಗುವುದು, ಇನ್ನೊಂದು ಮಳೆ ನಿಂತ ಮೇಲೆ ಆಗುವುದು. ಎರಡಕ್ಕೂ ಬೇರೆ ಬೇರೆ ತಾರೀಖು ಹಾಕಿ. ನಾನು ನೋಡಿದ ಮಟ್ಟಿಗೆ ಕೆಲಸ ಆದ ಪತ್ರಗಳೆಲ್ಲ ಹೀಗೇ ಇದ್ದವು.

ಈಗ ಏನು ಕೇಳಬಹುದು ಅಂತ ತಿಳಿಯಲು ಮಳೆ ಹೊಳವಾದಾಗ ಒಮ್ಮೆ ಟೆರೇಸಿಗೆ ಹೋಗಿ ಬನ್ನಿ. ಪಾಚಿ ಇರುತ್ತದೆ, ಚಪ್ಪಲಿ ನೋಡಿಕೊಂಡು. ಮೊದಲು ನೀರು ಹೊರಹೋಗುವ ಪೈಪಿನ ಬಾಯಿ ನೋಡಿ. ಹತ್ತರಲ್ಲಿ ಆರು ಮನೆಗಳಲ್ಲಿ ಅಲ್ಲಿ ಎಲೆ, ಪ್ಲಾಸ್ಟಿಕ್ ಚೀಲ, ಪಾರಿವಾಳದ ಕಡ್ಡಿ ಸಿಕ್ಕಿಕೊಂಡಿರುತ್ತದೆ ಅಂತ ನಾನು ಹೇಳಿದರೆ ಅದು ಲೆಕ್ಕ ಹಾಕಿದ್ದಲ್ಲ, ಅನುಭವದ ಮಾತು. ಬಾಯಿ ಕಟ್ಟಿದ ಟೆರೇಸಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಒಂದು ಚದರ ಮೀಟರಿಗೆ 100 ಕಿಲೋ ಭಾರ. ಇಪ್ಪತ್ತು ಅಡಿಗೆ ಮೂವತ್ತು ಅಡಿ ಟೆರೇಸ್ ಅಂದರೆ ಐದೂವರೆ ಟನ್. ಸೋರುವುದಕ್ಕಿಂತ ನನಗೆ ಇದರ ಭಯವೇ ಜಾಸ್ತಿ. ಆಮೇಲೆ ಸುತ್ತಲಿನ ಮೋಟುಗೋಡೆ ಮತ್ತು ಟೆರೇಸಿನ ನೆಲ ಸೇರುವ ಮೂಲೆ ನೋಡಿ. ಅಲ್ಲಿ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಇದ್ದರೆ ನೀರು ಇಳಿಯುವ ದಾರಿ ಬಹುಶಃ ಅದೇ. ನೀರಿನ ಟ್ಯಾಂಕ್ ಮೇಲೆ ಇದ್ದರೆ ಅದರ ಬುಡ ಮತ್ತು ಓವರ್‌ಫ್ಲೋ ಪೈಪನ್ನೂ ನೋಡಿ.

ಟ್ಯಾಂಕ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸೋರುವುದು ಮಳೆ ನೀರೋ, ಪೈಪಿನ ನೀರೋ ಅನ್ನುವುದು ಮಾಲಕರು ಕಳಿಸುವ ಗೌಂಡಿ ಕೇಳುವ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ದಿನಚರಿಯಲ್ಲೇ ಸಿಗುತ್ತದೆ. ಮಳೆ ಶುರುವಾಗಿ ಹದಿನೈದು ನಿಮಿಷಕ್ಕೇ ಹನಿ ಬಿದ್ದರೆ ನೀರಿಗೆ ನೇರ ದಾರಿ ಇದೆ, ಅಂದರೆ ತೆರೆದ ಬಿರುಕು ಅಥವಾ ಪೈಪಿನ ಬಾಯಿಯ ಸಂದು. ಎರಡು-ಮೂರು ತಾಸು ಬಿಟ್ಟು ಶುರುವಾಗಿ, ಮಳೆ ನಿಂತ ಮೇಲೂ ಒಂದೆರಡು ದಿನ ತೊಟ್ಟಿಕ್ಕಿದರೆ ಸ್ಲ್ಯಾಬಿನ ಮೇಲೆ ಹಾಸಿದ ಇಟ್ಟಿಗೆ ಚೂರಿನ ಪದರ, ನಮ್ಮ ಕಡೆ ಕೋಬಾ ಅಂತೀವಲ್ಲ, ಅದು ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪ ಬಿಡುತ್ತಿದೆ. ನಾಲ್ಕು ದಿನ ಬಿಸಿಲು ಬಂದರೂ ಹನಿ ನಿಲ್ಲದಿದ್ದರೆ ಮಳೆಯನ್ನು ಬೈಯಬೇಡಿ, ಟ್ಯಾಂಕ್ ಅಥವಾ ಪೈಪನ್ನು ಅನುಮಾನಿಸಿ.

ಹಾಗಾದರೆ ದಿನಚರಿ ಬರೆಯಲೇಬೇಕು. ಮಗಳ ಹಳೆಯ ನೋಟ್‌ಬುಕ್ ಸಾಕು. ತಾರೀಖು, ಮಳೆ ಶುರುವಾದ ಹೊತ್ತು, ಹನಿ ಶುರುವಾದ ಹೊತ್ತು, ಎಲ್ಲಿ, ಎಷ್ಟು, ಯಾರಿಗೆ ಹೇಳಿದಿರಿ, ಅವರು ಏನಂದರು. ಇಷ್ಟೇ. ‘ಎಷ್ಟು’ ಅನ್ನುವುದಕ್ಕೆ ‘ತುಂಬಾ’ ಅಂತ ಬರೆಯಬೇಡಿ. ಒಂದು ಲೀಟರಿನ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ಬಕೆಟಿನೊಳಗೆ ನಿಲ್ಲಿಸಿ, ಹನಿ ಅದರಲ್ಲಿ ಬೀಳಲಿ. ತುಂಬಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆಯಿರಿ. ‘40 ನಿಮಿಷಕ್ಕೆ ಒಂದು ಲೀಟರ್’ ಅನ್ನುವುದು ಪುಣೆಯಲ್ಲಿ ಕೂತವರಿಗೂ ಕಣ್ಣಿಗೆ ಕಟ್ಟುತ್ತದೆ. ಹಿಂದಿನ ಫೋನ್ ಕರೆಗಳ ತಾರೀಖು ನೆನಪಿಲ್ಲ ಅಂತ ಚಿಂತೆ ಬೇಡ, ಮೊಬೈಲಿನ ಕಾಲ್ ಲಾಗ್‌ನಲ್ಲಿ ಸಿಗುತ್ತವೆ. ಹಳೆಯ ಕರೆಗಳು ಅದರಿಂದ ಅಳಿಸಿಹೋಗುತ್ತವೆ, ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ತಾರೀಖಿನಲ್ಲಿ ಒಂದು ಸಣ್ಣ ತೊಡಕಿದೆ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹಿಂದಿನ 24 ತಾಸಿನ ಮಳೆ ಆ ದಿನದ ಲೆಕ್ಕಕ್ಕೆ ಹೋಗುತ್ತದೆ. ಜುಲೈ 13ರ ರಾತ್ರಿ ನಿಮ್ಮ ಮನೆ ಸೋರಿದ ಮಳೆ ಇಲಾಖೆಯ ಪಟ್ಟಿಯಲ್ಲಿ 14ರ ಎದುರು ಇರುತ್ತದೆ. ಮುಂದೆ ಯಾರಾದರೂ ‘ಆ ದಿನ ಮಳೆಯೇ ಇರಲಿಲ್ಲ’ ಅಂದರೆ ಗೊಂದಲ ಆಗಬಾರದು. ಅದಕ್ಕೇ ಹೊತ್ತನ್ನೂ ಬರೆಯಿರಿ ಅಂದಿದ್ದು.

ಈಗ ಫೋಟೋ. ಜನ ಸಾಮಾನ್ಯವಾಗಿ ಕಲೆಗೆ ಮೊಬೈಲ್ ಹತ್ತಿರ ಹಿಡಿದು ಒಂದು ಫೋಟೋ ಹೊಡೆಯುತ್ತಾರೆ. ನೋಡಿದವರಿಗೆ ಅದು ಛತ್ತೋ ಗೋಡೆಯೋ, ಕಲೆ ಅಂಗೈಯಷ್ಟೋ ಹಾಸಿಗೆಯಷ್ಟೋ ಗೊತ್ತಾಗುವುದಿಲ್ಲ. ಒಂದೇ ಜಾಗವನ್ನು ಮೂರು ದೂರದಿಂದ ತೆಗೆಯಿರಿ. ಬಾಗಿಲಲ್ಲಿ ನಿಂತು ಇಡೀ ಕೋಣೆ. ಆಮೇಲೆ ಫ್ಯಾನ್ ಮತ್ತು ಕಲೆ ಎರಡೂ ಕಾಣುವಂತೆ ಛತ್ತು. ಕೊನೆಗೆ ಹತ್ತಿರದಿಂದ, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು. ಪ್ರತಿ ಸಲ ಬಾಗಿಲಿನ ಅದೇ ಜಾಗದಲ್ಲಿ ನಿಲ್ಲಿ, ಆಗ ಎರಡು ವಾರದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಕಲೆ ಬೆಳೆದದ್ದು ತಾನೇ ಹೇಳುತ್ತದೆ. ಪ್ಲಾಸ್ಟರ್ ಉಬ್ಬಿದ್ದು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಛತ್ತಿಗೆ ಓರೆಯಾಗಿ ಹಿಡಿದು ತೆಗೆಯಿರಿ. ಉಬ್ಬಿನ ನೆರಳು ಬೀಳುತ್ತದೆ, ಉಬ್ಬು ಎದ್ದು ಕಾಣುತ್ತದೆ. ಹನಿಗೆ ಫೋಟೋ ಬೇಡ, ಹದಿನೈದು ಸೆಕೆಂಡಿನ ವಿಡಿಯೋ ಸಾಕು, ಬಕೆಟಿಗೆ ಬೀಳುವ ಸದ್ದು ಕೇಳಲಿ.

ನಾನು ಎಲ್ಲರಿಗೂ ಹೇಳುವ ಒಂದು ಉಪಾಯ ಪೆನ್ಸಿಲ್. ಸ್ಟೂಲ್ ಹತ್ತಿ ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಅದರ ಮೇಲೇ ತಾರೀಖು ಬರೆಯಿರಿ. ಫ್ಯಾನಿನ ಹತ್ತಿರ ಮಾತ್ರ ಬೇಡ. ನಾಲ್ಕು ದಿನ ಬಿಟ್ಟು ಕಲೆ ಆ ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ತಾರೀಖು. ತಿಂಗಳಲ್ಲಿ ಛತ್ತಿನ ಮೇಲೆ ಮರದ ತಿರುಳಿನ ಉಂಗುರಗಳಂತೆ ನಾಲ್ಕೈದು ಗೆರೆ ಕಾಣುತ್ತವೆ. ಒಂದೇ ಫೋಟೋದಲ್ಲಿ ಇಡೀ ಜುಲೈ. ಹಾಗೇ ಸ್ಟೂಲ್ ಮೇಲಿರುವಾಗ ಕಸಬರಿಗೆಯ ಹಿಡಿಯಿಂದ ಛತ್ತನ್ನು ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಪೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಸ್ಲ್ಯಾಬನ್ನು ಬಿಟ್ಟಿದೆ, ಯಾವಾಗ ಬೇಕಾದರೂ ಬೀಳಬಹುದು. ಆಗ ತಟ್ಟುವುದು ನಿಲ್ಲಿಸಿ, ಅದರ ಕೆಳಗೆ ಯಾರೂ ಮಲಗಬೇಡಿ. ಬಿಳಿ ಪುಡಿ ಬಂದಿದ್ದರೆ ಅದು ನೀರಿನ ಜೊತೆ ಬಂದ ಲವಣ, ಗಾಬರಿ ಬೇಡ. ಕೆಂಪು-ಕಂದು ಬಣ್ಣದ ಗೆರೆ ಉದ್ದಕ್ಕೆ ನೆಟ್ಟಗೆ ಮೂಡಿದ್ದರೆ ಒಳಗಿನ ಕಬ್ಬಿಣದ ರಾಡಿಗೆ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಅದರ ಫೋಟೋ ಬೇರೆಯಾಗಿ ತೆಗೆದು ಪತ್ರದಲ್ಲಿ ಮೊದಲು ಹೇಳಬೇಕು, ಗೌಂಡಿಯ ಬದಲು ಎಂಜಿನಿಯರ್ ನೋಡಬೇಕಾದ ವಿಷಯ ಅದು.

ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ದಿನದ ವಿವರವನ್ನೂ ಕಳಚಿಹಾಕುತ್ತದೆ. Document ಅಂತ ಆರಿಸಿ ಕಳಿಸಿ, ಅಥವಾ ಇಮೇಲ್ ಮಾಡಿ. ಮೂಲ ಫೋಟೋಗಳನ್ನು ಮೊಬೈಲಿನಿಂದ ಅಳಿಸಬೇಡಿ, ಬಣ್ಣ-ಬೆಳಕು ತಿದ್ದಲೂ ಬೇಡ. ಅಕಸ್ಮಾತ್ ವಿಷಯ ಕೋರ್ಟಿನ ತನಕ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಫೋಟೋ, ವಿಡಿಯೋಗಳ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೈಲ್ ಇದ್ದರೆ ಆ ಕೆಲಸ ಸುಲಭ.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನೇ ಬರೆದುಕೊಳ್ಳುತ್ತದೆ. ನಿಮ್ಮ ತಾರೀಖುಗಳು ನನಗೆ ಗೊತ್ತಿಲ್ಲ, ಹಾಗಾಗಿ ಊಹಿಸಿ ಹಾಕಿದ್ದೇನೆ. ನಿಮ್ಮದನ್ನು ತುಂಬಿಕೊಳ್ಳಿ.

“ಜುಲೈ 16. ವಿಷಯ: ಟಿಳಕವಾಡಿ ಮನೆಯ ಛತ್ತು ಸೋರುತ್ತಿರುವುದು, ಎರಡು ರಿಪೇರಿಗಳ ಕೋರಿಕೆ.

ಮಾನ್ಯರೇ, ಜೂನ್ 27ರ ಸಂಜೆ ಹಿಂದಿನ ಮಲಗುವ ಕೋಣೆಯ ಪಶ್ಚಿಮದ ಮೂಲೆಯಲ್ಲಿ ಮೊದಲು ಹನಿ ಬಿತ್ತು. ಅಂದೇ 7.20ಕ್ಕೆ ನಿಮಗೆ ಫೋನ್ ಮಾಡಿ ತಿಳಿಸಿದ್ದೆ. ಜುಲೈ 4ಕ್ಕೆ ಕಲೆ ಎರಡು ಅಡಿ ಅಗಲವಾಗಿತ್ತು, ಆಗಲೂ ಫೋನ್ ಮಾಡಿದ್ದೆ. ಜುಲೈ 11ರಿಂದ ಫ್ಯಾನಿನ ಡಬ್ಬಿಯಿಂದಲೂ ನೀರು ಬರುತ್ತಿದೆ. 13ರ ರಾತ್ರಿ 40 ನಿಮಿಷಕ್ಕೆ ಒಂದು ಲೀಟರ್ ಬಿತ್ತು. ಅಂದಿನಿಂದ ಆ ಕೋಣೆಯ ಕರೆಂಟ್ ಬಂದ್ ಮಾಡಿದ್ದೇವೆ, ಅಲ್ಲಿ ಯಾರೂ ಮಲಗುತ್ತಿಲ್ಲ. 14ರಂದು ಟೆರೇಸ್ ನೋಡಿದೆವು. ನೀರು ಹೋಗುವ ಎರಡು ಪೈಪುಗಳಲ್ಲಿ ಒಂದು ಕಟ್ಟಿಕೊಂಡಿದೆ. ಪಶ್ಚಿಮದ ಮೋಟುಗೋಡೆಯ ಬುಡದಲ್ಲಿ ಸುಮಾರು ಆರು ಅಡಿ ಉದ್ದದ ಬಿರುಕು ಇದೆ. ಒಂಬತ್ತು ಫೋಟೋ, ಒಂದು ವಿಡಿಯೋ ಜೊತೆಗಿವೆ.

ದಯವಿಟ್ಟು ಈ ಎರಡು ಕೆಲಸ ಮಾಡಿಸಿಕೊಡಿ. ಮೊದಲನೆಯದು, ಜುಲೈ 22ರೊಳಗೆ: ಕಟ್ಟಿದ ಪೈಪ್ ಬಿಡಿಸುವುದು, ಬಿರುಕಿನ ಮೇಲೆ ತಾಡಪತ್ರಿ ಹಾಸಿ ನೀರು ಇಳಿಯದಂತೆ ತಾತ್ಕಾಲಿಕವಾಗಿ ಮುಚ್ಚುವುದು, ಎಲೆಕ್ಟ್ರಿಷಿಯನ್ ಕಳಿಸಿ ಫ್ಯಾನಿನ ವೈರಿಂಗ್ ತೋರಿಸುವುದು. ಎರಡನೆಯದು, ನವೆಂಬರ್ 30ರೊಳಗೆ: ಟೆರೇಸ್ ಒಣಗಿದ ಮೇಲೆ ಬಿರುಕು ಕಡಿದು ತುಂಬಿ, ಮೂಲೆ ಗೋಲ ಮಾಡಿ, ವಾಟರ್‌ಪ್ರೂಫಿಂಗ್ ಮಾಡಿಸುವುದು, ಆಮೇಲೆ ಛತ್ತಿನ ಪ್ಲಾಸ್ಟರ್ ಸರಿಪಡಿಸುವುದು.

ಕೆಲಸದವರು ದಿನಾ ಸಂಜೆ 5ರ ನಂತರ, ಭಾನುವಾರ ಇಡೀ ದಿನ ಬರಬಹುದು. ಯಾರು, ಯಾವ ದಿನ ಬರುತ್ತಾರೆ ಅಂತ 19ರೊಳಗೆ ತಿಳಿಸಿ. ಜುಲೈ ತಿಂಗಳ ಬಾಡಿಗೆ 5ನೇ ತಾರೀಖು ಕಳಿಸಿದ್ದೇವೆ.”

ನೋಡಿ, ಇದರಲ್ಲಿ ‘ನಮಗೆ ತುಂಬಾ ತೊಂದರೆ ಆಗಿದೆ’ ಅನ್ನುವ ಸಾಲೇ ಇಲ್ಲ. ಕೋಣೆ ಬಳಸುತ್ತಿಲ್ಲ ಅಂದರೆ ತೊಂದರೆ ಗೊತ್ತಾಗುತ್ತದೆ. ‘ಹೋದ ವರ್ಷವೂ ನೀವು ಮಾತು ತಪ್ಪಿದಿರಿ’ ಅಂತಲೂ ಇಲ್ಲ. ಹೋದ ವರ್ಷದ ತಾರೀಖು, ಫೋಟೋ ಇದ್ದರೆ ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ಬಿಡಿ. ಕೆಲಸದವರು ಬರುವ ಹೊತ್ತು ಬರೆದದ್ದು ಯಾಕೆಂದರೆ, ದೂರದ ಮಾಲಕರು ಆಮೇಲೆ ಹೇಳುವ ಮಾತು ಯಾವಾಗಲೂ ಒಂದೇ: ‘ಗೌಂಡಿ ಬಂದಿದ್ದ, ಮನಿಗೆ ಕೀಲಿ ಇತ್ತು.’ ‘ದೀಪಾವಳಿ ಆದ ಮೇಲೆ’ ಅಂತ ಬರೆಯದೆ ನವೆಂಬರ್ 30 ಅಂತ ಹಾಕಿದ್ದಕ್ಕೂ ಕಾರಣ ಇದೆ. ಅಕ್ಟೋಬರಿನಲ್ಲಿ ಹಿಂಗಾರಿನ ಮಳೆ ಬಂದು ಹೋಗುತ್ತದೆ, ನವೆಂಬರಿನಲ್ಲಿ ಸ್ಲ್ಯಾಬ್ ಒಣಗುತ್ತದೆ. ಏಪ್ರಿಲ್ ತನಕ ಬಿಟ್ಟರೆ ಎಲ್ಲರಿಗೂ ಅದೇ ಹೊತ್ತಿಗೆ ಗೌಂಡಿ ಬೇಕು, ಮೇಲೆ ಗುಡುಗು ಮಳೆಯ ಕಾಟ ಬೇರೆ. ಇನ್ನು ಭಾಷೆ. ಬೆಳಗಾವಿಯಲ್ಲಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಮಾಲಕರಿಗೆ ಓದಲು ಮರಾಠಿ ಹಗುರವಾದರೆ ಮರಾಠಿಯಲ್ಲೇ ಬರೆಸಿ. ಅವರು ಕೊನೆತನಕ ಓದಬೇಕು, ಅಷ್ಟೇ.

ಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಸಹಿ ಮಾಡಿದ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ರಸೀದಿ ಮತ್ತು ತಲುಪಿದ ದಿನದ ಟ್ರ್ಯಾಕಿಂಗ್ ಪುಟ ಇಟ್ಟುಕೊಳ್ಳಿ. ಅವರು ಫೋನಿನಲ್ಲಿ ‘ಆಯ್ತು, ಕಳಸ್ತೀನಿ’ ಅಂದರೆ ಸಂತೋಷ. ಆದರೆ ಫೋನ್ ಇಟ್ಟ ಕೂಡಲೇ ಒಂದು ಸಾಲಿನ ಮೆಸೇಜ್ ಹಾಕಿ: ‘ಶನಿವಾರ ಗೌಂಡಿಯನ್ನು ಕಳಿಸುವುದಾಗಿ ಹೇಳಿದಿರಿ, ಧನ್ಯವಾದ.’

ಬಾಡಿಗೆ ಕೊಟ್ಟ ವಿಷಯ ಯಾಕೆ ಬರೆಯಬೇಕು ಅಂತ ಕೇಳಬಹುದು. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಿದರೆ ಸೋರುವ ಛತ್ತಿನ ವಿಷಯ ಮೂಲೆಗೆ ಹೋಗಿ, ಬಾಕಿ ಬಾಡಿಗೆಯೇ ವಿಷಯವಾಗುತ್ತದೆ. ಕಾನೂನಿನಲ್ಲಿ ಒಂದು ದಾರಿ ಇದೆ ನಿಜ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಅದರಲ್ಲಿ ಎರಡು ಗಂಟುಗಳಿವೆ. ‘ತಿಳಿಸಿದ ಮೇಲೆ’ ಅನ್ನುವುದಕ್ಕೆ ನಿಮ್ಮ ಪತ್ರ ಬೇಕು. ‘ಮಾಡಿಸಲೇಬೇಕಾದ’ ಅನ್ನುವುದಕ್ಕೆ ನಿಮ್ಮ ಹನ್ನೊಂದು ತಿಂಗಳ ಕರಾರುಪತ್ರ ನೋಡಬೇಕು. ದೊಡ್ಡ ರಿಪೇರಿ ಮಾಲಕರದು ಅಂತ ಅದರಲ್ಲಿದ್ದರೆ ನಿಮ್ಮ ಕಾಲು ಗಟ್ಟಿ. ಎಲ್ಲ ರಿಪೇರಿಯೂ ಬಾಡಿಗೆದಾರರದು ಅಂತ ಇದ್ದರೆ, ಅಥವಾ ಏನೂ ಬರೆದಿಲ್ಲದಿದ್ದರೆ, ದುಡ್ಡು ಮುರಿಯುವ ಮೊದಲು ವಕೀಲರಿಗೆ ತೋರಿಸಿ. ಕೋರ್ಟಿನ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. 22 ದಾಟಿದರೂ ಯಾರೂ ಬರದಿದ್ದರೆ ಅಲ್ಲಿಗೆ ಹೋಗುವ ಮೊದಲು ಎರಡನೇ ಪತ್ರ ಬರೆಯಿರಿ. ಮೊದಲ ಪತ್ರದ ತಾರೀಖು, ಆಮೇಲೆ ಆದ ಬದಲಾವಣೆ, ಪೈಪ್ ಬಿಡಿಸಿ ತಾಡಪತ್ರಿ ಹಾಸಲು ಇಲ್ಲಿಯ ಗೌಂಡಿ ಬರೆದುಕೊಟ್ಟ ದರ, ‘ನಾವೇ ಮಾಡಿಸಿ ಬಿಲ್ ಕಳಿಸಲೇ?’ ಅನ್ನುವ ಪ್ರಶ್ನೆ. ಹೆಚ್ಚಿನ ಮಾಲಕರು ಇಲ್ಲಿಗೆ ‘ಹೂಂ’ ಅಂತಾರೆ, ಸಣ್ಣ ಮೊತ್ತ ನೋಡಿ ಹಗುರಾಗುತ್ತಾರೆ.

ನಾನೇ ಒಮ್ಮೆ ಶಹಾಪುರದಲ್ಲಿ ಬಾಡಿಗೆಗಿದ್ದಾಗ, ಇದೇ ಕಸುಬಿನವನಾಗಿಯೂ, ಬರೀ ಬಾಯಿಮಾತಿನಲ್ಲಿ ಹೇಳುತ್ತ ಹೋದೆ. ಮನೆ ಬಿಡುವಾಗ ಕಲೆ ಬಿದ್ದ ಛತ್ತಿನ ಬಣ್ಣದ ಖರ್ಚನ್ನು ನನ್ನ ಡಿಪಾಸಿಟ್‌ನಲ್ಲಿ ಹಿಡಿದುಕೊಂಡರು. ತೋರಿಸಲು ನನ್ನ ಹತ್ತಿರ ಒಂದು ತಾರೀಖೂ ಇರಲಿಲ್ಲ.

ಕೊನೆಯದು, ನವೆಂಬರಿನಲ್ಲಿ ಕೆಲಸ ಆದಾಗ. ಗೌಂಡಿ ಲೇಪ ಬಳಿದು, ಅದು ಪೂರ್ತಿ ಒಣಗಿದ ಮೇಲೆ, ಪೈಪುಗಳ ಬಾಯಿಗೆ ಬಟ್ಟೆ ತುರುಕಿ ಟೆರೇಸಿನಲ್ಲಿ ಒಂದಿಂಚು ನೀರು 24 ತಾಸು ನಿಲ್ಲಿಸಿ ತೋರಿಸಲಿ ಅಂತ ಮಾಲಕರಿಗೆ ಹೇಳಿ. ಪೂರ್ತಿ ದುಡ್ಡು ಕೊಡುವುದು ಅದಾದ ಮೇಲೆ. ಆ 24 ತಾಸು ಮುಗಿಯುವ ತನಕ ಯಾರಿಗೂ ನಿಮ್ಮ ಕೋಣೆಯ ಛತ್ತಿಗೆ ಬಣ್ಣ ಹೊಡೆಯಲು ಬಿಡಬೇಡಿ. ಪೆನ್ಸಿಲ್ ಗೆರೆಗಳು ಹಾಗೇ ಇರಲಿ, ಕಲೆ ಕೊನೆಯ ಗೆರೆ ದಾಟಿತೋ ಇಲ್ಲವೋ ಅಂತ ನೋಡಲು ಅವೇ ಬೇಕು.